ತಂತಿ ಕಳಚಿದ್ದಕ್ಕೆ ಬ್ಯಾಟರಿ ತೆರುವ ಸುಂಕ

ಕಾಫಿ ಲೋಟದ ಕೆಳಗಿಡುವ ತಟ್ಟೆಯಷ್ಟೇ ಅಗಲದ ಒಂದು ಬಿಲ್ಲೆ. ಅದರ ಮೇಲೆ ಮೊಬೈಲ್ ಫೋನನ್ನು ಇಟ್ಟರೆ ಸಾಕು, ಚಾರ್ಜ್ ಆಗತೊಡಗುತ್ತದೆ. ಪಿನ್ ಹುಡುಕಬೇಕಿಲ್ಲ, ಕತ್ತಲಲ್ಲಿ ತಡಕಾಡಬೇಕಿಲ್ಲ. ಕಳೆದ ವರ್ಷ ಇಂಥದೊಂದು ವೈರ್‌ಲೆಸ್ ಚಾರ್ಜರ್ ಉಡುಗೊರೆಯಾಗಿ ನಮ್ಮ ಮನೆಗೂ ಬಂತು. ಕೆಲವು ವಾರಗಳ ನಂತರ ಒಂದು ಸಂಗತಿ ಗಮನಕ್ಕೆ ಬಂತು. ಕೆಲವು ರಾತ್ರಿ ಫೋನು ಬೇಗನೆ ತುಂಬುತ್ತಿತ್ತು, ಕೇವಲ ಬೆಚ್ಚಗಾಗುತ್ತಿತ್ತು. ಇನ್ನು ಕೆಲವು ರಾತ್ರಿ ಎರಡು ಗಂಟೆ ಕಳೆದರೂ ಅರ್ಧ ದಾಟುತ್ತಿರಲಿಲ್ಲ, ಬೆನ್ನು ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯಂತೆ ಕಾಯುತ್ತಿತ್ತು. ಚಾರ್ಜರ್ ಅದೇ, ಫೋನು ಅದೇ. ವ್ಯತ್ಯಾಸವಿದ್ದದ್ದು ನಾನು ಫೋನನ್ನು ಇಟ್ಟ ಜಾಗದಲ್ಲಿ, ಅದೂ ಒಂದು ಬೆರಳಗಲಕ್ಕಿಂತ ಕಡಿಮೆ.

ಈ ಬೆರಳಗಲದ ವ್ಯತ್ಯಾಸಕ್ಕೆ ಬೆಲೆ ತೆರುವವರು ಯಾರು ಎಂಬುದು ಇಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ವಿದ್ಯುತ್ತು ಗೋಡೆಯಿಂದ ಬ್ಯಾಟರಿಯವರೆಗೆ ಸಾಗುವ ದಾರಿಯನ್ನು ನೋಡಬೇಕು.

ಕೇಬಲ್ ಮೂಲಕ ಚಾರ್ಜ್ ಮಾಡುವಾಗ ಗೋಡೆಯ ಪರ್ಯಾಯ ವಿದ್ಯುತ್ತನ್ನು ಅಡಾಪ್ಟರ್ ನೇರ ವಿದ್ಯುತ್ತಾಗಿ ಬದಲಿಸುತ್ತದೆ. ಅದು ತಾಮ್ರದ ತಂತಿಯಲ್ಲಿ ಹರಿದು ಫೋನಿನೊಳಗಿನ ನಿಯಂತ್ರಕದ ಮೂಲಕ ಬ್ಯಾಟರಿ ಸೇರುತ್ತದೆ. ವೈರ್‌ಲೆಸ್ ವಿಧಾನದಲ್ಲಿ ಈ ಹಂತಗಳಾವುವೂ ತಪ್ಪುವುದಿಲ್ಲ. ಬಿಲ್ಲೆಗೂ ಗೋಡೆಗೂ ನಡುವೆ ಅಡಾಪ್ಟರೂ ತಂತಿಯೂ ಇದ್ದೇ ಇರುತ್ತವೆ. ಅದರ ಮೇಲೆ ಇನ್ನೂ ಮೂರು ಹಂತಗಳು ಸೇರುತ್ತವೆ. ಬಿಲ್ಲೆಯು ನೇರ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ತನ್ನೊಳಗಿನ ತಾಮ್ರದ ಸುರುಳಿಗೆ ಕೊಡುತ್ತದೆ. ಆ ಸುರುಳಿಯ ಸುತ್ತ ಏಳುವ ಕಾಂತಕ್ಷೇತ್ರವು ಫೋನಿನ ಬೆನ್ನಿನಲ್ಲಿರುವ ಮತ್ತೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದನ್ನು ಫೋನು ಪುನಃ ನೇರ ವಿದ್ಯುತ್ತಾಗಿ ಪರಿವರ್ತಿಸಿಕೊಳ್ಳಬೇಕು. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಪ್ರತಿ ಹಂತವೂ ಒಂದು ಸುಂಕದ ಕಟ್ಟೆ; ಪ್ರತಿ ಕಟ್ಟೆಯಲ್ಲೂ ಒಂದಿಷ್ಟು ಶಕ್ತಿ ಶಾಖವಾಗಿ ಕಡಿತವಾಗುತ್ತದೆ.

ಒಟ್ಟು ಕಡಿತ ಎಷ್ಟು? 2020ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಪಿಕ್ಸೆಲ್ 4 ಫೋನನ್ನು ಎರಡೂ ವಿಧಾನಗಳಲ್ಲಿ ಪೂರ್ತಿ ಖಾಲಿಯಿಂದ ಪೂರ್ತಿ ತುಂಬುವವರೆಗೆ ಚಾರ್ಜ್ ಮಾಡಿ, ಗೋಡೆಯಿಂದ ಎಳೆದ ವಿದ್ಯುತ್ತನ್ನು ಮೀಟರಿನಲ್ಲಿ ಅಳೆದರು. ಕೇಬಲ್‌ಗೆ ಸರಾಸರಿ 14.26 ವ್ಯಾಟ್-ಅವರ್ ಬೇಕಾಯಿತು. ವೈರ್‌ಲೆಸ್ ಚಾರ್ಜರಿಗೆ ಸರಾಸರಿ 21.01. ಅಂದರೆ ಶೇ 47ರಷ್ಟು ಹೆಚ್ಚು. ಆ ಫೋನಿನ ಬ್ಯಾಟರಿಯ ಸಾಮರ್ಥ್ಯ ಸುಮಾರು 10.8 ವ್ಯಾಟ್-ಅವರ್. ಹಾಗಾಗಿ ಕೇಬಲ್ ದಾರಿಯಲ್ಲಿ ಗೋಡೆಯಿಂದ ಹೊರಟದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಬ್ಯಾಟರಿ ಸೇರಿತು; ವೈರ್‌ಲೆಸ್ ದಾರಿಯಲ್ಲಿ ಅರ್ಧಪಾಲು ಮಾತ್ರ. ಒಂದು ಫೋನು, ಕೆಲವು ಚಾರ್ಜರುಗಳ ಲೆಕ್ಕ ಇದು. ಉಪಕರಣ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಇದನ್ನು ರೂಪಾಯಿಗೆ ಇಳಿಸಿ ನೋಡೋಣ. ಒಂದು ಪೂರ್ಣ ಚಾರ್ಜಿಗೆ ಹೆಚ್ಚುವರಿ ಖರ್ಚು 6.75 ವ್ಯಾಟ್-ಅವರ್. ದಿನಕ್ಕೊಮ್ಮೆಯಂತೆ ವರ್ಷಕ್ಕೆ ಎರಡೂವರೆ ಯೂನಿಟ್ಟಿಗೂ ಕಡಿಮೆ. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಹದಿನೇಳು ರೂಪಾಯಿ. ಇಷ್ಟಕ್ಕಾಗಿ ಯಾವ ಗೃಹಸ್ಥನೂ ತನ್ನ ಅಭ್ಯಾಸ ಬದಲಿಸಲಾರ. ಬದಲಿಸಬೇಕೆಂದು ನಾನೂ ಹೇಳಲಾರೆ. ಕೋಟಿ ಫೋನುಗಳಿಗೆ ಗುಣಿಸಿದರೆ ಎರಡೂವರೆ ಕೋಟಿ ಯೂನಿಟ್ಟಿನ ಹತ್ತಿರ ಬರುತ್ತದೆ ನಿಜ. ಆದರೂ ಒಂದು ಮನೆಯ ಮಟ್ಟಿಗೆ ವಿದ್ಯುತ್ ಬಿಲ್ಲಿನಲ್ಲಿ ಈ ವೆಚ್ಚ ಕಾಣುವುದೇ ಇಲ್ಲ. ಅದು ಬೇರೆಡೆ ಕಾಣುತ್ತದೆ. ವ್ಯರ್ಥವಾದ ಆ ಶಕ್ತಿಯೆಲ್ಲ ಶಾಖವಾಗುತ್ತದೆ, ಮತ್ತು ಆ ಶಾಖದ ಒಂದು ಪಾಲು ಬ್ಯಾಟರಿಯ ಪಕ್ಕದಲ್ಲೇ ಹುಟ್ಟುತ್ತದೆ. ಫೋನಿನ ಸುರುಳಿ ಇರುವುದು ಬೆನ್ನಿನ ಗಾಜಿಗೂ ಬ್ಯಾಟರಿಗೂ ನಡುವೆ. ಕೆಳಗಿನಿಂದ ಬಿಲ್ಲೆಯೂ ಕಾಯುತ್ತಿರುತ್ತದೆ. ಫೋನು ಅದರ ಮೇಲೆ ಅಂಗಾತ ಮಲಗಿರುವುದರಿಂದ ಬೆನ್ನಿನ ಶಾಖ ಹೊರಹೋಗಲು ದಾರಿಯೂ ಇಲ್ಲ.

ಸುರುಳಿಗಳ ಜೋಡಣೆಯ ಮಹತ್ವ ಇಲ್ಲೇ ಇದೆ. ಎರಡು ಸುರುಳಿಗಳ ನಡುಬಿಂದುಗಳು ಒಂದರ ಮೇಲೊಂದು ಕೂತಾಗ ಕೆಳಗಿನ ಕಾಂತಕ್ಷೇತ್ರದ ಬಹುಪಾಲು ಮೇಲಿನ ಸುರುಳಿಯ ಮೂಲಕ ಹಾಯುತ್ತದೆ. ಫೋನು ಪಕ್ಕಕ್ಕೆ ಸರಿದರೆ ಕ್ಷೇತ್ರದ ಒಂದು ಭಾಗ ಗುರಿ ತಪ್ಪುತ್ತದೆ. ಆಗ ಫೋನು ಸುಮ್ಮನಿರುವುದಿಲ್ಲ. ಚಾರ್ಜ್ ಆಗುವಷ್ಟು ಕಾಲ ಅದು ಬಿಲ್ಲೆಗೆ ಸಣ್ಣ ಸಣ್ಣ ಸಂದೇಶಗಳನ್ನು ಕಳಿಸುತ್ತಲೇ ಇರುತ್ತದೆ. ತನಗೆ ಸಾಲುತ್ತಿಲ್ಲ, ಇನ್ನಷ್ಟು ಕೊಡು ಎಂದು ಬೇಡಿಕೆ ಸಲ್ಲಿಸುತ್ತದೆ. ಬಿಲ್ಲೆ ತನ್ನ ಸುರುಳಿಯಲ್ಲಿ ಹರಿವನ್ನು ಏರಿಸುತ್ತದೆ. ಏರಿದ ಹರಿವು ತಾಮ್ರವನ್ನು ಕಾಯಿಸುತ್ತದೆ. ಗುರಿ ತಪ್ಪಿದ ಕ್ಷೇತ್ರವು ಫೋನಿನೊಳಗಿನ ಲೋಹದ ಭಾಗಗಳಲ್ಲಿ ಸುಳಿ ವಿದ್ಯುತ್ತನ್ನು ಎಬ್ಬಿಸಿ ಅವನ್ನೂ ಕಾಯಿಸುತ್ತದೆ. ಸೋರುವ ನಲ್ಲಿಗೆ ಪರಿಹಾರವಾಗಿ ಮೋಟಾರಿನ ವೇಗ ಹೆಚ್ಚಿಸಿದಂತೆ.

ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಒಂದೇ ಬಗೆಯ ಫೋನನ್ನು ಅವರು ಮೂರು ರೀತಿಯಲ್ಲಿ ಚಾರ್ಜ್ ಮಾಡಿದರು: ಕೇಬಲ್ ಮೂಲಕ, ಬಿಲ್ಲೆಯ ಮೇಲೆ ಸರಿಯಾಗಿ ಇಟ್ಟು, ಬಿಲ್ಲೆಯ ಮೇಲೆ ಓರೆಯಾಗಿ ಇಟ್ಟು. ಕೇಬಲ್ ಹಾಕಿದಾಗ ಮೂರು ಗಂಟೆಯಲ್ಲಿ ಫೋನಿನ ಸರಾಸರಿ ಉಷ್ಣಾಂಶ 27 ಡಿಗ್ರಿ ಸೆಲ್ಸಿಯಸ್ ದಾಟಲಿಲ್ಲ. ಸರಿಯಾಗಿ ಇಟ್ಟಾಗ ಅದು 30.5 ಡಿಗ್ರಿಗೆ ಏರಿ, ಉತ್ತರಾರ್ಧದಲ್ಲಿ ನಿಧಾನವಾಗಿ ಇಳಿಯಿತು. ಓರೆಯಾಗಿ ಇಟ್ಟಾಗಲೂ ಗರಿಷ್ಠ ಉಷ್ಣಾಂಶ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿಗೆ ಬೇಗನೆ ತಲುಪಿತು, ಮತ್ತು ಅಲ್ಲೇ ನಿಂತಿತು. ಸರಿಯಾಗಿ ಇಟ್ಟ ಫೋನು ಆ ಮಟ್ಟದಲ್ಲಿದ್ದದ್ದು 55 ನಿಮಿಷ. ಓರೆಯಾಗಿ ಇಟ್ಟದ್ದು 125 ನಿಮಿಷ. ಬಿಲ್ಲೆ ಎಳೆದ ಗರಿಷ್ಠ ವಿದ್ಯುತ್ತು ಸರಿಯಾಗಿದ್ದಾಗ 9.5 ವ್ಯಾಟ್, ಓರೆಯಾಗಿದ್ದಾಗ 11 ವ್ಯಾಟ್. ಹೆಚ್ಚು ಎಳೆದೂ ಕೆಲಸ ತಡವಾಯಿತು. ನಡುವಿನ ಅಂತರವೆಲ್ಲ ಶಾಖಕ್ಕೆ ಹೋಯಿತು.

ಮೂರೂವರೆ ಡಿಗ್ರಿ ದೊಡ್ಡ ವ್ಯತ್ಯಾಸವೇ ಎಂದು ಕೇಳಬಹುದು. ಇಂಗ್ಲೆಂಡಿನ ತಂಪು ಪ್ರಯೋಗಾಲಯದಲ್ಲಿ ಅಲ್ಲ. ಆದರೆ ಈ ಏರಿಕೆ ಕೋಣೆಯ ಉಷ್ಣಾಂಶದ ಮೇಲೆ ಕೂರುತ್ತದೆ. ಏಪ್ರಿಲ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಮನೆಯೊಳಗೇ 34-35 ಡಿಗ್ರಿ ಇರುವುದು ಸಾಮಾನ್ಯ. ಅಲ್ಲಿ ಓರೆಯಾಗಿ ಇಟ್ಟ ಫೋನಿನ ಬ್ಯಾಟರಿ 40 ಡಿಗ್ರಿಯ ಆಚೀಚೆ ಗಂಟೆಗಟ್ಟಲೆ ಉಳಿಯುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಎಲೆಕ್ಟ್ರೋಡಿನ ಮೇಲೆ ಒಂದು ಪದರ ನಿಧಾನವಾಗಿ ದಪ್ಪವಾಗುತ್ತಾ ಬಳಕೆಗೆ ಬರುವ ಲಿಥಿಯಮ್ಮನ್ನು ನುಂಗುತ್ತಿರುತ್ತದೆ. ಅದೇ ಬ್ಯಾಟರಿಯ ಮುಪ್ಪು. ಉಷ್ಣಾಂಶ ಏರಿದಂತೆ ಆ ರಾಸಾಯನಿಕ ಕ್ರಿಯೆಯ ವೇಗವೂ ಏರುತ್ತದೆ. ಬ್ಯಾಟರಿ ತುಂಬಿದ್ದಾಗ ಅದು ಇನ್ನೂ ಹೆಚ್ಚು. ಬಿಸಿಯೂ ತುಂಬಿಯೂ ಇರುವ ಸ್ಥಿತಿಯೇ ಬ್ಯಾಟರಿಗೆ ಅತಿ ಕೆಟ್ಟದ್ದು. ಬೇಸಿಗೆಯ ರಾತ್ರಿಯಿಡೀ ಬಿಲ್ಲೆಯ ಮೇಲೆ ಬಿಟ್ಟ ಫೋನಿನ ಸ್ಥಿತಿ ಸರಿಯಾಗಿ ಅದೇ. ಮಿತಿ ಮೀರಿದರೆ ಫೋನು ತಾನೇ ಚಾರ್ಜಿಂಗ್ ನಿಧಾನಿಸುತ್ತದೆ ಅಥವಾ ನಿಲ್ಲಿಸುತ್ತದೆ. ಅದರಿಂದ ಅಪಾಯ ತಪ್ಪುತ್ತದೆ, ಆದರೆ ಬಿಸಿಯಲ್ಲಿ ಕಳೆಯುವ ಅವಧಿ ಉದ್ದವಾಗುತ್ತದೆ.

ವರ್ಷಕ್ಕೆ ಹದಿನೇಳು ರೂಪಾಯಿ ಎಂದು ಕಂಡ ವೆಚ್ಚ ಹೀಗೆ ಇನ್ನೊಂದು ಲೆಕ್ಕಶೀರ್ಷಿಕೆಗೆ ವರ್ಗವಾಗುತ್ತದೆ. ಬ್ಯಾಟರಿ ಆರು ತಿಂಗಳೋ ಒಂದು ವರ್ಷವೋ ಮೊದಲೇ ಸೊರಗಿದರೆ ಅದನ್ನು ಬದಲಿಸಲು ಸಾವಿರಾರು ರೂಪಾಯಿ ಬೇಕು. ಆಗ ಅನೇಕರು ಬ್ಯಾಟರಿಯ ಬದಲು ಫೋನನ್ನೇ ಬದಲಿಸುತ್ತಾರೆ. ಮೀಟರಿನಲ್ಲಿ ಕಾಣದ ವೆಚ್ಚ ಎಂಬ ಕಾರಣಕ್ಕೇ ಇದನ್ನು ಯಾರೂ ತಡೆಯುವುದಿಲ್ಲ.

ಇದರರ್ಥ ವೈರ್‌ಲೆಸ್ ಚಾರ್ಜರ್ ಕೆಟ್ಟದ್ದು ಎಂದಲ್ಲ. ಸಂಧಿವಾತದಿಂದ ಬೆರಳು ಬಗ್ಗದವರಿಗೆ, ಕಣ್ಣು ಮಂಜಾದವರಿಗೆ ಸಣ್ಣ ಪಿನ್ನನ್ನು ಸಣ್ಣ ಕಿಂಡಿಗೆ ತೂರಿಸುವುದು ನಿತ್ಯದ ಹಿಂಸೆ. ಅವರ ಪಾಲಿಗೆ ಇದು ವರ. ಕಿಂಡಿ ಸವೆಯುವುದೂ ಧೂಳು ಸೇರುವುದೂ ತಪ್ಪುತ್ತದೆ. ಅತಿ ವೇಗದ ಕೇಬಲ್ ಚಾರ್ಜರುಗಳೂ ಫೋನನ್ನು ಚೆನ್ನಾಗಿಯೇ ಕಾಯಿಸುತ್ತವೆ ಎಂಬುದನ್ನೂ ಮರೆಯಬಾರದು. ಇಲ್ಲಿನ ಹೋಲಿಕೆ ಸಮಾನ ವೇಗದ ಚಾರ್ಜಿಂಗ್ ಕುರಿತದ್ದು. ಜೋಡಣೆಯ ಸಮಸ್ಯೆಗೆ ಪರಿಹಾರವೂ ಬಂದಿದೆ. ಸುರುಳಿಯ ಸುತ್ತ ಅಯಸ್ಕಾಂತದ ಉಂಗುರವನ್ನಿಟ್ಟು ಫೋನು ತಾನಾಗಿಯೇ ನಡುಬಿಂದುವಿಗೆ ಕಚ್ಚಿಕೊಳ್ಳುವಂತೆ ಮಾಡುವ ಉಪಾಯವನ್ನು ಆಪಲ್ 2020ರಲ್ಲಿ ತನ್ನ ಫೋನುಗಳಿಗೆ ಅಳವಡಿಸಿತು. ‘ಚೀ’ ಎಂದು ಉಚ್ಚರಿಸುವ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಆವೃತ್ತಿ 2023ರಲ್ಲಿ ಅದನ್ನೇ ಆಧಾರವಾಗಿ ಸ್ವೀಕರಿಸಿತು. ಇದರಿಂದ ಓರೆಯ ನಷ್ಟ ತಪ್ಪುತ್ತದೆ. ಹೆಚ್ಚುವರಿ ಹಂತಗಳ ನಷ್ಟ ಉಳಿಯುತ್ತದೆ.

ಅಯಸ್ಕಾಂತವಿಲ್ಲದ ಬಿಲ್ಲೆ ಬಳಸುವವರು ಒಮ್ಮೆ ತಾಳ್ಮೆಯಿಂದ ಪರೀಕ್ಷಿಸಬೇಕು. ಫೋನನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ, ಪೂರ್ತಿ ತುಂಬಲು ಬೇಕೆಂದು ಪರದೆ ತೋರಿಸುವ ಸಮಯ ಎಲ್ಲಿ ಅತಿ ಕಡಿಮೆಯೋ ಆ ಜಾಗಕ್ಕೆ ಬಿಲ್ಲೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಬೇಕು. ಕಾಲು ಗಂಟೆಯ ನಂತರ ಬೆನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಬಿಸಿ ಎನಿಸಿದರೆ ಜಾಗ ತಪ್ಪಿದೆ. ದಪ್ಪ ಕವಚ ಸುರುಳಿಗಳ ಅಂತರವನ್ನು ಹೆಚ್ಚಿಸುವುದರಿಂದ ಅದನ್ನು ತೆಗೆಯಬೇಕು. ಕವಚದಲ್ಲಿ ಸಿಕ್ಕಿಸಿದ ಲೋಹದ ಪಟ್ಟಿ, ನಾಣ್ಯಗಳನ್ನು ತೆಗೆಯಲೇಬೇಕು, ಏಕೆಂದರೆ ಅವು ತಾವೇ ಕಾಯುತ್ತವೆ. ಶೇ 80ಕ್ಕೆ ನಿಲ್ಲಿಸುವ ಸೌಲಭ್ಯ ಫೋನಿನಲ್ಲಿದ್ದರೆ ಬೇಸಿಗೆಯಲ್ಲಾದರೂ ಬಳಸಬೇಕು.

ಆದರೆ ಇಷ್ಟೆಲ್ಲವನ್ನು ಗ್ರಾಹಕನ ಬೆರಳ ತುದಿಗೇ ಬಿಡುವುದು ನ್ಯಾಯವಲ್ಲ. ಚಾರ್ಜರಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 15 ವ್ಯಾಟ್ ಎಂದು ಅಚ್ಚಾಗಿರುತ್ತದೆ. ಅದು ಕೊಡಬಲ್ಲ ಗರಿಷ್ಠ ಶಕ್ತಿಯೇ ಹೊರತು, ಅಷ್ಟು ಕೊಡಲು ಗೋಡೆಯಿಂದ ಎಷ್ಟು ಎಳೆಯುತ್ತದೆ ಎಂಬುದಲ್ಲ. ಫ್ರಿಜ್ಜು, ಏರ್ ಕಂಡಿಷನರುಗಳ ನಕ್ಷತ್ರ ಪಟ್ಟಿಯನ್ನು ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಆರಂಭಿಸಿದ ಮೇಲೆ ಅಂಗಡಿಯಲ್ಲಿ ಜನ ಕೇಳುವ ಪ್ರಶ್ನೆಯೇ ಬದಲಾಯಿತು. ಐರೋಪ್ಯ ಒಕ್ಕೂಟವು 2025ರ ಜೂನ್‌ನಿಂದ, 800 ಬಾರಿ ಚಾರ್ಜ್ ಮಾಡಿದ ಮೇಲೂ ಫೋನಿನ ಬ್ಯಾಟರಿಯಲ್ಲಿ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕೆಂದು ವಿಧಿಸಿದೆ. ನಮ್ಮಲ್ಲಿ ವೈರ್‌ಲೆಸ್ ಚಾರ್ಜರಿನ ಪೆಟ್ಟಿಗೆಯ ಮೇಲೆ ಎರಡೇ ಅಂಕಿಗಳು ಕಡ್ಡಾಯವಾಗಲಿ: ಫೋನನ್ನು ನಡುವಿಗಿಟ್ಟಾಗ ಎಷ್ಟು ದಕ್ಷತೆ, ಒಂದು ಸೆಂಟಿಮೀಟರ್ ಸರಿದಾಗ ಎಷ್ಟು. ಮೊದಲನೆಯದು ಕಾರ್ಖಾನೆಯ ಜಾಣ್ಮೆಯನ್ನು ಹೇಳುತ್ತದೆ. ಎರಡನೆಯದು, ನಿದ್ದೆಗಣ್ಣಿನಲ್ಲಿ ಫೋನು ಇಡುವ ನಮ್ಮಂಥವರು ನಿಜವಾಗಿ ತೆರುವ ಬೆಲೆಯನ್ನು ಹೇಳುತ್ತದೆ.