ಕಂತಿಲ್ಲದ ಸಾಲ

ಮಧ್ಯಮ ವರ್ಗದ ಗೃಹಸ್ಥನಿಗೆ ಬ್ಯಾಂಕಿನಲ್ಲಿಟ್ಟ ಮುದ್ದತು ಠೇವಣಿಯೆಂದರೆ ದೇವರ ಹುಂಡಿ ಇದ್ದಂತೆ. ಹಾಕುವಾಗ ಕೈ ಮುಂದಾಗುತ್ತದೆ, ತೆಗೆಯಬೇಕೆಂದರೆ ಹಿಂಜರಿಯುತ್ತದೆ. ಈ ಹಿಂಜರಿಕೆ ಒಳ್ಳೆಯದೇ. ಆದರೆ ನಾಲ್ಕಾರು ತಿಂಗಳ ಮಟ್ಟಿಗೆ ಅಡಚಣೆ ಬಂದೊದಗಿದಾಗ, ಠೇವಣಿಯನ್ನು ಮುಟ್ಟಬಾರದೆಂಬ ಒಂದೇ ಕಾರಣದಿಂದ ಹೊರಗೆ ಹೆಚ್ಚು ಬಡ್ಡಿಗೆ ಸಾಲ ತರುವುದು ಸರಿಯೇ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಮೈಸೂರಿನ ಒಬ್ಬ ಉಪಾಧ್ಯಾಯರ ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಎಸ್.ಎಸ್.ಎಲ್.ಸಿ.ಗೆ ಕಾಲಿಡುತ್ತಿರುವ ಮಗಳ ಮುಂದಿನ ಓದಿಗೆಂದು ರಾಯರು 4,00,000 ರೂಪಾಯಿಗಳನ್ನು ಶೇಕಡಾ 7ರ ಬಡ್ಡಿಗೆ ಮೂರು ವರ್ಷದ ಠೇವಣಿಯಲ್ಲಿ ಇಟ್ಟಿದ್ದಾರೆ. ಮೇ ತಿಂಗಳಿನಲ್ಲಿ ಮನೆಯ ತಾರಸಿ ಸೋರುವುದು ಕಂಡುಬಂತು. ಮಳೆಗಾಲಕ್ಕೆ ಮುಂಚೆ ದುರಸ್ತಿಯಾಗಬೇಕು. ಅದಕ್ಕೆ 2,00,000 ಬೇಕು. ಚೀಟಿಯ ಹಣ ಕೈಸೇರುವುದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಬ್ಯಾಂಕೊಂದರಿಂದ, ಒಂದೇ ದಿನದಲ್ಲಿ ವೈಯಕ್ತಿಕ ಸಾಲ ಕೊಡುತ್ತೇವೆಂದು ದೂರವಾಣಿ ಕರೆ ಬಂದಿತು.

“ಹೊರಗಿನ ಸಾಲವೇಕೆ? ಠೇವಣಿಯನ್ನು ಮುರಿಯದೆಯೇ ಅದರ ಮೇಲೆ ಹಣ ಕೊಡುತ್ತಾರಂತಲ್ಲ, ನೀವು ಒಮ್ಮೆ ವಿಚಾರಿಸಬಾರದೇ?” ಎಂದರು ಮನೆಯಾಕೆ.

“ಅದು ಮಗುವಿನ ಹಣ ಕಣೆ. ಒಮ್ಮೆ ಕೈ ಹಾಕಿದರೆ ಮತ್ತೆ ತುಂಬುವವರು ಯಾರು?” ಎಂದರು ರಾಯರು.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಮೊದಲು ಆಕೆಯ ಮಾತನ್ನು ಪರೀಕ್ಷಿಸೋಣ.

ಠೇವಣಿಯ ಮೇಲಿನ ಓವರ್‌ಡ್ರಾಫ್ಟ್ ಎಂದರೆ ಠೇವಣಿಯನ್ನು ಬ್ಯಾಂಕಿಗೆ ಒತ್ತೆ ಇಟ್ಟು, ಅದರ ಆಧಾರದ ಮೇಲೆ ಒಂದು ಮಿತಿಯವರೆಗೆ ಬೇಕಾದಷ್ಟು ಹಣ ತೆಗೆಯುವ ಅನುಕೂಲ. ಮಿತಿ ಸಾಮಾನ್ಯವಾಗಿ ಠೇವಣಿಯ ಶೇಕಡಾ 90ರ ಆಸುಪಾಸಿನಲ್ಲಿರುತ್ತದೆ. ಬಡ್ಡಿ ಠೇವಣಿಯ ದರಕ್ಕಿಂತ ಶೇಕಡಾ 1ರಿಂದ 2ರಷ್ಟು ಹೆಚ್ಚು. ಠೇವಣಿ ಮಾತ್ರ ಮುರಿಯದೆ, ತನ್ನ ಪಾಡಿಗೆ ತಾನು ಬಡ್ಡಿ ಗಳಿಸುತ್ತಲೇ ಇರುತ್ತದೆ. ಮುಖ್ಯವಾದ ಮಾತೆಂದರೆ, ಇಲ್ಲಿ ಬಡ್ಡಿ ಬೀಳುವುದು ಮಂಜೂರಾದ ಮಿತಿಯ ಮೇಲಲ್ಲ. ದಿನದ ಕೊನೆಯಲ್ಲಿ ಎಷ್ಟು ಬಾಕಿ ಇದೆಯೋ ಅಷ್ಟರ ಮೇಲೆ. ಶೇಕಡಾ 8ರಂತೆ 2,00,000 ರೂಪಾಯಿಗೆ ದಿನವೊಂದಕ್ಕೆ ಸುಮಾರು 44 ರೂಪಾಯಿ. ಹತ್ತು ದಿನ ಮೊದಲೇ ಹಣ ಕಟ್ಟಿದರೆ 440 ರೂಪಾಯಿ ಉಳಿಯಿತು. ನಾಲ್ಕು ತಿಂಗಳಿಗೆ ರಾಯರು ತೆರಬೇಕಾದ ಬಡ್ಡಿ ಸುಮಾರು 5,400 ರೂಪಾಯಿ.

ಇನ್ನು ದೂರವಾಣಿಯಲ್ಲಿ ಬಂದ ಸಾಲ. ಬಡ್ಡಿ ಶೇಕಡಾ 14, ಅವಧಿ ಮೂರು ವರ್ಷ, ತಿಂಗಳ ಕಂತು 6,836 ಎಂದು ಇಟ್ಟುಕೊಳ್ಳೋಣ. ಸಾಲ ಕೊಡುವಾಗಲೇ ಶೇಕಡಾ 2ರ ಸಂಸ್ಕರಣಾ ಶುಲ್ಕವನ್ನೂ ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ.ಯನ್ನೂ ಹಿಡಿದುಕೊಂಡರೆ 4,720 ರೂಪಾಯಿ ಹೋಯಿತು. ನಾಲ್ಕು ಕಂತುಗಳಲ್ಲಿ ಬಡ್ಡಿಯ ಪಾಲು ಸುಮಾರು 9,000. ಸೆಪ್ಟೆಂಬರಿನಲ್ಲಿ ಚೀಟಿಯ ಹಣದಿಂದ ಸಾಲವನ್ನು ಪೂರ್ತಿ ತೀರಿಸಹೊರಟರೆ, ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಬಾಕಿಯ ಶೇಕಡಾ 3ರಷ್ಟು ಶುಲ್ಕ, ಅದರ ಮೇಲೆ ಮತ್ತೆ ತೆರಿಗೆ. ಅದು ಸುಮಾರು 6,400. ಒಟ್ಟು 20,000 ರೂಪಾಯಿಗೂ ಮಿಕ್ಕಿತು. ದರ ಮತ್ತು ಶುಲ್ಕಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗುತ್ತವೆ. ಮೊದಲ ಕೆಲವು ಕಂತುಗಳು ಸಲ್ಲುವವರೆಗೆ ಸಾಲವನ್ನು ಮುಗಿಸಲು ಅವಕಾಶವನ್ನೇ ಕೊಡದ ಬ್ಯಾಂಕುಗಳೂ ಉಂಟು. ಆದರೆ ತತ್ತ್ವ ಒಂದೇ: ಅಲ್ಪಕಾಲದ ಸಾಲದಲ್ಲಿ ಬಡ್ಡಿಯ ದರಕ್ಕಿಂತ ಬಾಗಿಲಿನ ಸುಂಕವೇ ಭಾರ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಅದನ್ನು ತೆರಬೇಕಾಗುತ್ತದೆ.

ಇಷ್ಟರಿಂದ ಮನೆಯಾಕೆಯ ಪಕ್ಷವೇ ಗೆದ್ದಿತೆಂದು ತೋರಬಹುದು. ಆದರೆ ರಾಯರ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ.

ಓವರ್‌ಡ್ರಾಫ್ಟಿಗೆ ಸಾಮಾನ್ಯವಾಗಿ ಕಂತೆಂಬುದಿಲ್ಲ. ಅದರ ಸುಖವೂ ಅದೇ, ಅಪಾಯವೂ ಅದೇ. ಸೆಪ್ಟೆಂಬರಿನಲ್ಲಿ ಚೀಟಿಯ ಹಣ ಬಂದಿತು. ಹಿಂದೆಯೇ ದೀಪಾವಳಿಯೂ ಬಂದಿತು. ‘ಬ್ಯಾಂಕಿನವರೇನೂ ಕೇಳುತ್ತಿಲ್ಲವಲ್ಲ’ ಎಂದು ಆ ಹಣ ಬೇರೆ ಖರ್ಚಿಗೆ ಹರಿದುಹೋಯಿತೆನ್ನಿ. ಬ್ಯಾಂಕು ನಿಜವಾಗಿಯೂ ಕೇಳುವುದಿಲ್ಲ. ತಿಂಗಳು ತಿಂಗಳೂ ಬಡ್ಡಿಯನ್ನು ಬಾಕಿಗೆ ಸೇರಿಸುತ್ತ ಹೋಗುತ್ತದೆ, ಅಷ್ಟೆ. ಬಾಕಿಯು 3,60,000 ರೂಪಾಯಿಯ ಮಿತಿಯನ್ನು ಮುಟ್ಟದಿರುವುದರಿಂದ ಎಚ್ಚರಿಕೆಯ ಪತ್ರವೂ ಬಾರದು. ಮೂರು ವರ್ಷದ ಕೊನೆಗೆ ಆ 2,00,000 ಬೆಳೆದು ಸುಮಾರು 2,54,000 ಆಗಿರುತ್ತದೆ. ಠೇವಣಿ ಬೆಳೆದು ಸುಮಾರು 4,92,500 ಆಗಿದ್ದರೂ, ಅವಧಿ ಮುಗಿದ ದಿನ ಬ್ಯಾಂಕು ತನ್ನ ಬಾಕಿಯನ್ನು ಮುರಿದುಕೊಳ್ಳುತ್ತದೆ. ಮಗಳು ಪಿ.ಯು.ಸಿ. ಮುಗಿಸಿ ಕಾಲೇಜಿನ ಬಾಗಿಲಲ್ಲಿ ನಿಂತಾಗ ಉಳಿಯುವುದು ಸುಮಾರು 2,38,500 ಮಾತ್ರ.

ಇಲ್ಲಿ ಒಂದು ವಿಚಿತ್ರವಿದೆ. ಹೀಗೆ ಮರೆತ ಓವರ್‌ಡ್ರಾಫ್ಟಿನ ಬಡ್ಡಿ 54,000. ಅದೇ ಶೇಕಡಾ 14ರ ಸಾಲವನ್ನು ಮೂರು ವರ್ಷ ಕಂತು ತಪ್ಪದೆ ಕಟ್ಟಿದ್ದರೆ, ಶುಲ್ಕವೂ ಸೇರಿ ತಗಲುತ್ತಿದ್ದುದು 51,000ದ ಒಳಗೆ. ಎಂಟು ಹದಿನಾಲ್ಕನ್ನು ಮೀರಿಸಿತು! ಕಾರಣ ಸ್ಪಷ್ಟ: ಒಂದರಲ್ಲಿ ಅಸಲು ತಿಂಗಳು ತಿಂಗಳೂ ಕರಗುತ್ತದೆ, ಇನ್ನೊಂದರಲ್ಲಿ ಬೆಳೆಯುತ್ತದೆ. ಕಂತು ಕಟ್ಟದವನ ಬಳಿ ಆ ಹಣ ಉಳಿದಿರಬೇಕಲ್ಲವೇ ಎಂದು ಕೇಳಬಹುದು. ಸಂಸಾರದಲ್ಲಿ ಅದು ಉಳಿದಿರುವುದು ಅಪರೂಪ.

ಹಾಗಾದರೆ ಎರಡರ ಗುಣವನ್ನೂ ಒಂದುಗೂಡಿಸಬಹುದೇ? ಅವಶ್ಯವಾಗಿ. ಓವರ್‌ಡ್ರಾಫ್ಟನ್ನೇ ತೆಗೆದುಕೊಂಡು, ಸಂಬಳದ ಖಾತೆಯಿಂದ ತಿಂಗಳಿಗೆ 6,836 ರೂಪಾಯಿ ತಾನಾಗಿಯೇ ಅದಕ್ಕೆ ವರ್ಗವಾಗುವಂತೆ ಬ್ಯಾಂಕಿಗೆ ಬರೆದುಕೊಡಬೇಕು. ಆಗ ಚೀಟಿಯ ಹಣ ಬಾರದೆಹೋದರೂ ಸಾಲ 33ನೆಯ ತಿಂಗಳಿಗೆ ತೀರುತ್ತದೆ. ಒಟ್ಟು ಬಡ್ಡಿ 23,000ದ ಆಸುಪಾಸು. ಚೀಟಿಯ ಹಣ ಬಂದ ದಿನವೇ ಪೂರ್ತಿ ಕಟ್ಟಿದರೆ ಯಾವ ದಂಡವೂ ಇಲ್ಲದೆ ಅಂದೇ ಮುಗಿಯಿತು.

ಅರ್ಜಿಗೆ ಸಹಿ ಹಾಕುವ ಮುನ್ನ ಕೆಲವು ಸಂಗತಿಗಳನ್ನು ನೋಡಿಕೊಳ್ಳುವುದು ಕ್ಷೇಮ. ತೆರಿಗೆ ರಿಯಾಯಿತಿಗಾಗಿ ಇಟ್ಟ ಐದು ವರ್ಷದ ಠೇವಣಿಯನ್ನು ಒತ್ತೆ ಇಡಲು ಬರುವುದಿಲ್ಲ. ಜಂಟಿ ಹೆಸರಿನ ಠೇವಣಿಗೆ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಮಿತಿಯ ಅಂಚಿನವರೆಗೂ ಹಣ ತೆಗೆದರೆ ಮೊದಲ ತಿಂಗಳ ಬಡ್ಡಿಯೇ ಮಿತಿಯನ್ನು ಮೀರಿಸುತ್ತದೆ; ಬಾಕಿ ಹಾಗೆಯೇ ಉಳಿದರೆ ಬ್ಯಾಂಕು ಠೇವಣಿಯನ್ನು ಮುರಿದು ವಸೂಲು ಮಾಡಿಕೊಳ್ಳಬಹುದು. ‘ಖರ್ಚು ಕೇವಲ ಶೇಕಡಾ 1’ ಎಂಬ ಮಾತನ್ನೂ ಪೂರ್ತಿ ನಂಬಬಾರದು. ಠೇವಣಿಯ ಬಡ್ಡಿಗೆ ಆದಾಯ ತೆರಿಗೆ ಉಂಟು. ಮನೆಯ ಖರ್ಚಿಗಾಗಿ ಪಡೆದ ಓವರ್‌ಡ್ರಾಫ್ಟಿನ ಬಡ್ಡಿಯನ್ನು ಅದರಲ್ಲಿ ಕಳೆಯಲಾಗದು. ಶೇಕಡಾ 20ರ ತೆರಿಗೆ ಕಟ್ಟುವವನಿಗೆ 7ರ ಬಡ್ಡಿಯಲ್ಲಿ ಉಳಿಯುವುದು ಸುಮಾರು ಐದೂವರೆ; ಆದುದರಿಂದ ನಿಜವಾದ ಅಂತರ ಎರಡೂವರೆಯ ಹತ್ತಿರ. ಅದೂ ಅಗ್ಗವೇ, ಆದರೆ ಅಲ್ಪಾವಧಿಗೆ ಮಾತ್ರ. ವರ್ಷಗಟ್ಟಲೆ ಹಣ ಬಾರದೆಂದು ಮೊದಲೇ ತಿಳಿದಿದ್ದರೆ, ಠೇವಣಿಯ ಒಂದು ಭಾಗವನ್ನು ಮುರಿಯುವುದೇ ಲೇಸು.

ಹಣ ಮರಳಿ ಬರುವ ತಿಂಗಳನ್ನು ಬೆರಳಿಟ್ಟು ತೋರಿಸಬಲ್ಲವನಿಗೆ ಓವರ್‌ಡ್ರಾಫ್ಟು ಒಳ್ಳೆಯ ಸೇವಕ. ತಿಂಗಳನ್ನು ಹೇಳಲಾರದವನು, ಕಂತನ್ನೂ ತಾನೇ ಗೊತ್ತುಮಾಡಿಕೊಳ್ಳಲಾರದವನು, ಹೆಚ್ಚು ಬಡ್ಡಿ ತೆತ್ತಾದರೂ ಇನ್ನೊಬ್ಬರು ಗೊತ್ತುಮಾಡಿದ ಕಂತಿಗೆ ಕಟ್ಟುಬೀಳುವುದು ಮೇಲು.