ನಡುರಾತ್ರಿಯ ಎಚ್ಚರವೇ ಎಚ್ಚರಿಕೆ

ಮಲಗುವ ಮುಂಚೆ ಒಂದು ನೈಂಟಿ ಹಾಕಿದರೆ ಒಳ್ಳೆಯ ನಿದ್ದೆ ಎನ್ನುವವರ ಮಾತಿನಲ್ಲಿ ಅರ್ಧ ಮಾತ್ರ ನಿಜ. ನಿದ್ದೆ ಬೇಗ ಹತ್ತುತ್ತದೆ, ಆದರೆ ಬೆಳಗಿನವರೆಗೆ ನಿಲ್ಲುವುದಿಲ್ಲ. ನಡುರಾತ್ರಿ ಕಣ್ಣು ಬಿಟ್ಟು ಹೊರಳಾಡುವವರು ಅದಕ್ಕೆ ಚಿಂತೆಯನ್ನೋ ವಯಸ್ಸನ್ನೋ ದೂರುತ್ತಾರೆ. ಕುಡಿತದ ಮೇಲೆ ಅನುಮಾನ ಬರುವುದೇ ಅಪರೂಪ.

ಲೆಕ್ಕ ಸರಳ. 90 ಮಿ.ಲೀ. ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ದೇಹ ಗಂಟೆಗೆ ಹೆಚ್ಚುಕಡಿಮೆ 8 ಗ್ರಾಂ ಕರಗಿಸುತ್ತದೆ. ರಾತ್ರಿ 10ಕ್ಕೆ ಕುಡಿದು ಮಲಗಿದವನ ರಕ್ತದಿಂದ ಅದು ಇಳಿದುಹೋಗುವ ಹೊತ್ತಿಗೆ 2 ಗಂಟೆ. ಅಲ್ಲಿಯವರೆಗೆ ಆಲ್ಕೋಹಾಲ್ ಮಿದುಳನ್ನು ಶಾಂತಗೊಳಿಸುವ 'ಗಾಬಾ' ರಾಸಾಯನಿಕಕ್ಕೆ ಬಲ ಕೊಟ್ಟು, ಚುರುಕುಗೊಳಿಸುವ ಗ್ಲುಟಮೇಟನ್ನು ಅದುಮಿ ಹಿಡಿದಿರುತ್ತದೆ. ಹಿಡಿತ ಸಡಿಲುತ್ತಿದ್ದಂತೆ ಅದುಮಿಟ್ಟದ್ದು ಪುಟಿದೇಳುತ್ತದೆ. ಎದೆಬಡಿತ ಏರುತ್ತದೆ, ಬೆವರು ಬರುತ್ತದೆ. ರಾತ್ರಿಯ ಮೊದಲರ್ಧದಲ್ಲಿ ಕಡಿಮೆಯಾಗಿದ್ದ ಕನಸಿನ ನಿದ್ದೆ ಹಲವೊಮ್ಮೆ ಈಗ ಒತ್ತರಿಸಿ ಬಂದು ಕೆಟ್ಟ ಕನಸುಗಳಾಗುತ್ತದೆ. ಆಲ್ಕೋಹಾಲ್ ಮೂತ್ರವನ್ನೂ ಹೆಚ್ಚಿಸುವುದರಿಂದ ಎದ್ದು ಹೋಗುವುದು ಬೇರೆ. ಗಂಟಲಿನ ಸ್ನಾಯುಗಳು ಸಡಿಲಾಗಿ ಗೊರಕೆ ಜೋರಾಗುತ್ತದೆ, ಕೆಲವರಿಗೆ ಉಸಿರೇ ನಡುನಡುವೆ ನಿಲ್ಲುತ್ತದೆ. ಹೀಗೆ ಆಗುವ ಸಣ್ಣ ಸಣ್ಣ ಎಚ್ಚರಗಳು ಬೆಳಿಗ್ಗೆ ನೆನಪಿರುವುದಿಲ್ಲ. ಏಳು ಗಂಟೆ ಮಲಗಿದರೂ ಮೈ ಭಾರ, ಅಷ್ಟೇ.

ಅಪಾಯ ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ದಿನವೂ ಕುಡಿದರೆ ಕೆಲವೇ ರಾತ್ರಿಗಳಲ್ಲಿ ಮಿದುಳು ಆ ಮಂಪರಿಗೆ ಒಗ್ಗಿಕೊಳ್ಳುತ್ತದೆ. ನಿದ್ದೆ ಬರಿಸುವ ಗುಣ ಕುಂದುತ್ತದೆ, ನಿದ್ದೆ ಕೆಡಿಸುವ ಗುಣ ಉಳಿಯುತ್ತದೆ. ಆಗ ನೈಂಟಿ ಕ್ವಾರ್ಟರ್ ಆಗುತ್ತದೆ. ಕ್ವಾರ್ಟರ್ ಎಂದರೆ 60 ಗ್ರಾಂ, ಕರಗಲು ಏಳೆಂಟು ಗಂಟೆ. ಬೆಳಿಗ್ಗೆ ಬೈಕ್ ಹತ್ತುವಾಗಲೂ ರಕ್ತದಲ್ಲಿ ಅದರ ಪಾಲು ಉಳಿದಿರಬಹುದು.

ಆದ್ದರಿಂದ ಮೂರು ಗುರುತುಗಳನ್ನು ಈಗಲೇ ನೋಡಿಕೊಳ್ಳಬೇಕು: ಕುಡಿದ ರಾತ್ರಿಗಳಲ್ಲೇ ನಡುರಾತ್ರಿ ಎಚ್ಚರವಾಗುವುದು, ಅದೇ ನಿದ್ದೆಗೆ ಮೊದಲಿಗಿಂತ ಹೆಚ್ಚು ಬೇಕಾಗುವುದು, ಕುಡಿಯದಿದ್ದರೆ ನಿದ್ದೆಯೇ ಹತ್ತದಿರುವುದು. ಗೊರಕೆಯ ನಡುವೆ ಉಸಿರು ನಿಂತಿತೆಂದು ಪಕ್ಕದಲ್ಲಿ ಮಲಗಿದವರು ಹೇಳಿದರೆ ವೈದ್ಯರ ಬಳಿ ಹೋಗುವುದೇ ಸರಿ. ಅಪರೂಪಕ್ಕೆ ಕುಡಿಯುವವರು ಪ್ರಮಾಣ ಇಳಿಸಿ, ಕುಡಿತಕ್ಕೂ ಹಾಸಿಗೆಗೂ ನಾಲ್ಕು ಗಂಟೆ ಅಂತರ ಇಟ್ಟರೆ ವ್ಯತ್ಯಾಸ ತಾವೇ ಕಾಣಬಹುದು. ನಿದ್ದೆ ಮಾತ್ರೆಯ ಜೊತೆ ಮದ್ಯ ಬೆರೆಸುವುದಂತೂ ಉಸಿರಿಗೇ ಕುತ್ತು. ಇನ್ನು ದಿನವೂ ಹೆಚ್ಚು ಕುಡಿಯುವವರು ಹಟ ಹಿಡಿದು ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಕದಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ವೈದ್ಯರ ನಿಗಾದಲ್ಲೇ ಬಿಡಬೇಕು. ಬಿಟ್ಟ ಮೊದಲ ರಾತ್ರಿಗಳಲ್ಲಿ ನಿದ್ದೆ ಇನ್ನಷ್ಟು ಕೆಡುತ್ತದೆ. ಅದನ್ನೇ ನೆಪ ಮಾಡಿಕೊಂಡು ಮತ್ತೆ ಬಾಟಲಿಗೆ ಕೈಹಾಕುವವರಿದ್ದಾರೆ, ಮನೆಯವರು ಕಾಯಬೇಕಾದದ್ದು ಆ ಕೆಲವು ರಾತ್ರಿಗಳನ್ನೇ.