ಮೂರು ನಿಮಿಷದ ಭಾಷಣ, ಆರು ಬಕೆಟ್ ನೀರು

ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತವರು ಭಾಷಣ ಮಾಡುವುದು ಮೈದಾನದಲ್ಲಲ್ಲ, ತಮ್ಮದೇ ಬೀದಿಯಲ್ಲಿ. ಎದುರು ಕುಳಿತವರಲ್ಲಿ ಒಬ್ಬರು ನಿನ್ನೆ ಮನೆಗೆ ಮಜ್ಜಿಗೆ ಕೊಟ್ಟವರು, ಇನ್ನೊಬ್ಬರು ಹೋದ ತಿಂಗಳು ಚರಂಡಿಯ ವಿಷಯಕ್ಕೆ ಜಗಳ ಆಡಿದವರು. ಅಂಥವರ ಮುಂದೆ ದೊಡ್ಡ ಮಾತು ಬಹಳ ಬೇಗ ಸಿಕ್ಕಿಬೀಳುತ್ತದೆ.

ತುಮಕೂರು ಕಡೆಯ ಒಂದು ಊರಿನಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದ ಹೆಣ್ಣುಮಗಳೊಬ್ಬರು ಮೊದಲ ಸಲ ಚುನಾವಣೆಗೆ ನಿಂತರು. ಅವರ ವಾರ್ಡಿನಲ್ಲಿ ಎರಡು ಸ್ಥಾನ, ಅದರಲ್ಲಿ ಒಂದು ಮಹಿಳೆಗೆ ಮೀಸಲು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಗಳ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಚುನಾವಣಾ ಆಯೋಗದ ಪಟ್ಟಿಯಲ್ಲಿರುವ ಚಿಹ್ನೆಗಳಲ್ಲಿ ಒಂದನ್ನು ಅಭ್ಯರ್ಥಿಗೆ ಕೊಡುತ್ತಾರೆ. ಇವರಿಗೆ ಹೊಲಿಗೆ ಯಂತ್ರವೇ ಸಿಕ್ಕಿತು.

ಭಾಷಣವನ್ನು ಮೈದುನ ಬರೆದುಕೊಟ್ಟಿದ್ದ. ಎರಡು ಹಾಳೆ ತುಂಬ ಅಭಿವೃದ್ಧಿ, ಮಾದರಿ ಗ್ರಾಮ, ನಿಮ್ಮ ಮನೆ ಮಗಳು ಇತ್ಯಾದಿ. ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದ ಮಗಳು ಅದನ್ನು ಗಟ್ಟಿಯಾಗಿ ಓದಿ, "ಅಮ್ಮ, ಇದನ್ನ ಪಕ್ಕದ ವಾರ್ಡಿನವರೂ ಓದಬಹುದಲ್ಲ?" ಎಂದಳು. ಅದನ್ನು ಕೇಳಿದ ತಾಯಿ ಪೆನ್ಸಿಲ್ ಹಿಡಿದು ಕುಳಿತರು. ಬೇರೆ ಊರಿನಲ್ಲೂ ಓದಬಹುದಾದ ವಾಕ್ಯಗಳನ್ನೆಲ್ಲ ಹೊಡೆದುಹಾಕಿದರು. ಆಮೇಲೆ ಪಂಚಾಯಿತಿ ಸದಸ್ಯೆಯ ಕೈಯಲ್ಲಿಲ್ಲದ ಕೆಲಸಗಳನ್ನು ಹೊಡೆದರು. ವೃದ್ಧಾಪ್ಯ ವೇತನ ಮಂಜೂರು ಮಾಡುವುದು ಕಂದಾಯ ಇಲಾಖೆ. ಆಸ್ಪತ್ರೆ ತರುವುದು ಪಂಚಾಯಿತಿಯ ಅಧಿಕಾರದಲ್ಲಿಲ್ಲ. ಕೊನೆಗೆ ಹಾಳೆಯಲ್ಲಿ ಉಳಿದದ್ದು ಒಂದೇ ಮಾತು: 'ಕುಡಿಯುವ ನೀರಿನ ಸಮಸ್ಯೆ ಬಗೆಹರಿಸುತ್ತೇನೆ.' ಹೇಗೆ ಎಂದು ಮೈದುನ ಬರೆದಿರಲಿಲ್ಲ.

ಅವರ ಬೀದಿಯಲ್ಲಿ 40 ಮನೆ. ದಿನ ಬಿಟ್ಟು ದಿನ ಒಂದು ಗಂಟೆ ನೀರು. ಮೇಲಿನ ಮನೆಯವರು ತೊಟ್ಟಿ ತುಂಬಿಸಿ ಅಂಗಳ ತೊಳೆಯುತ್ತಿದ್ದರು. ಕೊನೆಯ ಮನೆಯವರು ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದರು. ನೀರೇ ಸಾಲದು, ಇನ್ನೊಂದು ಬೋರ್‌ವೆಲ್ ಬೇಕು ಎನ್ನುವುದು ಎಲ್ಲರ ಅಭಿಪ್ರಾಯ. ಅದು ನಿಜವೇ ಎಂದು ಯಾರೂ ಅಳೆದು ನೋಡಿರಲಿಲ್ಲ.

ಮಗಳು ಐವರು ಗೆಳತಿಯರನ್ನು ಕರೆತಂದಳು. ಬೀದಿಯುದ್ದಕ್ಕೂ ಸರಿಸುಮಾರು ಸಮಾನ ದೂರದಲ್ಲಿರುವ ಆರು ಮನೆಗಳನ್ನು ಆರಿಸಿಕೊಂಡು, ಒಂದೊಂದರಲ್ಲಿ ಒಬ್ಬೊಬ್ಬಳು ನಿಂತಳು. ಎಲ್ಲರ ಹತ್ತಿರವೂ 15 ಲೀಟರಿನ ಬಕೆಟ್, ಒಂದು ಗಡಿಯಾರ. ನೀರು ಬಂದು ಹತ್ತು ನಿಮಿಷವಾದ ಮೇಲೆ ಎಲ್ಲರೂ ಒಟ್ಟಿಗೆ ಬಕೆಟ್ ಇಟ್ಟರು. ಒಟ್ಟಿಗೆ ಇಡಬೇಕಾದದ್ದು ಮುಖ್ಯ. ಒಂದು ಮನೆ ಆದ ಮೇಲೆ ಇನ್ನೊಂದು ಎಂದು ಅಳೆಯುತ್ತ ಹೋದರೆ, ಅಷ್ಟರಲ್ಲಿ ಟ್ಯಾಂಕಿನ ಮಟ್ಟ ಇಳಿದು ನೀರಿನ ರಭಸ ಬದಲಾಗಿರುತ್ತದೆ. ಆಗ ಹೋಲಿಕೆಗೆ ಅರ್ಥವಿರುವುದಿಲ್ಲ. ಒಂದೇ ದಿನದ ಅಳತೆಯನ್ನು ನಂಬಬಾರದೆಂದು ಮೂರು ಸಲ ಅಳೆದರು.

ಬಕೆಟ್ ತುಂಬಲು ಮೊದಲನೆಯ ಮನೆಯಲ್ಲಿ 60 ಸೆಕೆಂಡು ಹಿಡಿಯಿತು. ಮುಂದಿನವುಗಳಲ್ಲಿ ಕ್ರಮವಾಗಿ 72, 90, 120, 180. ಕೊನೆಯ ಮನೆಯಲ್ಲಿ 240. ಅಂದರೆ ಒಂದು ಗಂಟೆಯಲ್ಲಿ ಮೊದಲ ಮನೆಗೆ 900 ಲೀಟರ್, ಕೊನೆಯ ಮನೆಗೆ 225. ಒಂದೇ ಪೈಪಿನಲ್ಲಿ ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದಾಗ ಹೀಗಾಗುತ್ತದೆ. ಪೈಪಿನೊಳಗಿನ ಘರ್ಷಣೆಯಿಂದ ಒತ್ತಡ ಇಳಿಯುತ್ತ ಹೋಗುತ್ತದೆ, ದಾರಿಯಲ್ಲಿ ಮೇಲಿನವರು ನೀರನ್ನು ತೆಗೆದುಕೊಂಡಿರುತ್ತಾರೆ.

ಇನ್ನು ಸರಾಸರಿ ನೋಡೋಣ. ಆರು ಮನೆಗಳ ನೀರು ಕೂಡಿಸಿದರೆ 3225 ಲೀಟರ್. ಆರರಿಂದ ಭಾಗಿಸಿದರೆ ಮನೆಗೆ ಸುಮಾರು 540. ಅದು ಎರಡು ದಿನಕ್ಕೆ, ಐದು ಜನಕ್ಕೆ. ಒಬ್ಬರಿಗೆ ದಿನಕ್ಕೆ 54 ಲೀಟರ್ ಬಿತ್ತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಇಟ್ಟುಕೊಂಡ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಕೊನೆಯ ಮನೆಯವರಿಗೆ ಸಿಗುತ್ತಿದ್ದದ್ದು 22 ಚಿಲ್ಲರೆ. ಕೊರತೆ ಇದ್ದದ್ದು ನೀರಿನಲ್ಲಿ ಅಷ್ಟಲ್ಲ, ಹಂಚಿಕೆಯಲ್ಲಿ.

'ಬೀದಿಯ ನಡುವೆ ಒಂದು ವಾಲ್ವ್ ಹಾಕಿಸುತ್ತೇನೆ' ಎಂದು ಅವರು ಭಾಷಣದಲ್ಲಿ ಬರೆದುಕೊಂಡರು. ನೀರು ಬಿಡುವ ವಾಟರ್‌ಮನ್‌ಗೆ ತೋರಿಸಿದಾಗ ಅವನು ನಕ್ಕ. "ನಡುವಿನ ವಾಲ್ವ್ ಮುಚ್ಚಿದ್ರೆ ಕೆಳಗಿನವರಿಗೆ ನೀರು ನಿಲ್ಲತ್ತೆ ಕಣಕ್ಕ. ಮೇಲಿನವರದ್ದು ಹೆಂಗೆ ನಿಲ್ಲಿಸ್ತೀಯ?" ಮಾತು ಸರಿಯಾಗಿತ್ತು. ಮೇಲಿನ 20 ಮನೆಗಳನ್ನೂ ಕೆಳಗಿನ 20 ಮನೆಗಳನ್ನೂ ಬೇರೆ ಮಾಡಬೇಕಾದರೆ ಪೈಪನ್ನು ನಡುವೆ ಬೇರ್ಪಡಿಸಿ, ಕೆಳಭಾಗಕ್ಕೆ ಬೀದಿಯ ತುದಿಯಿಂದ ಪ್ರತ್ಯೇಕ ಪೈಪ್ ತರಬೇಕು. ಆ ತುದಿಯಲ್ಲಿ ಎರಡಕ್ಕೂ ಒಂದೊಂದು ವಾಲ್ವ್ ಇರಬೇಕು. ಆಗ ಅರ್ಧ ಗಂಟೆ ಇವರಿಗೆ, ಅರ್ಧ ಗಂಟೆ ಅವರಿಗೆ ಬಿಡಬಹುದು. ವಾಕ್ಯವನ್ನು ತಿದ್ದಿಕೊಂಡರು.

ಆದರೆ ತೊಡಕು ಇನ್ನೂ ಒಂದಿತ್ತು. ಈ ಏರ್ಪಾಟಿನಿಂದ ಮೇಲಿನ ಮನೆಗಳಿಗೆ ನೀರು ಕಡಿಮೆಯಾಗುತ್ತದೆ. ಅವರೂ ಮತದಾರರೇ. "ಅತ್ತಿಗೆ, ಕೆಳಗಿನವರಿಗೆ ಜಾಸ್ತಿ ಬರುತ್ತೆ ಅಂತ ಮಾತ್ರ ಹೇಳಿ. ಮೇಲಿನವರಿಗೆ ಕಡಿಮೆ ಆಗೋದು ಗೆದ್ದ ಮೇಲೆ ನೋಡಿದ್ರಾಯ್ತು" ಎಂದ ಮೈದುನ. ಅವರು ಉತ್ತರ ಕೊಡಲಿಲ್ಲ. ಅಳತೆ ಮಾಡಿದ ಆರು ಮನೆಗಳಲ್ಲಿ ಎರಡನೆಯದು ಅವರದೇ ಆಗಿತ್ತು.

ಸಂಜೆ ಅರಳಿಕಟ್ಟೆಯ ಬಳಿ ಐವತ್ತು ಜನ ಸೇರಿದರು. ಮೈಕ್ ಇರಲಿಲ್ಲ. ಅವರು ಹೇಳಿದ್ದು ಇಷ್ಟು:

"ಹಿರಿಯರೇ, ಅಣ್ಣಂದಿರೇ, ಅಕ್ಕಂದಿರೇ, ನಾನು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿರುವ ಅರ್ಧ ಹೆಂಗಸರ ರವಿಕೆ ಅಳತೆ ನನ್ನ ಪುಸ್ತಕದಲ್ಲಿದೆ. ಚುನಾವಣೆಗೆ ನಿಂತಿರುವುದು ಇದೇ ಮೊದಲು. ಭಾಷಣ ಮಾಡಿ ಅಭ್ಯಾಸವಿಲ್ಲ, ತಪ್ಪಾದರೆ ತಿದ್ದಿ.

"ನಮ್ಮ ಬೀದಿಯ ನೀರನ್ನು ಮಕ್ಕಳು ಮೂರು ದಿನ ಅಳೆದಿದ್ದಾರೆ. ಮೊದಲ ಮನೆಯಲ್ಲಿ ಬಕೆಟ್ ತುಂಬುವುದಕ್ಕೆ ಒಂದು ನಿಮಿಷ. ಕೊನೆಯಲ್ಲಿರುವ ಅಜ್ಜಿಯ ಮನೆಯಲ್ಲಿ ನಾಲ್ಕು ನಿಮಿಷ. ಬರುವ ನೀರನ್ನೇ ಸಮನಾಗಿ ಹಂಚಿದರೆ ಎಲ್ಲರಿಗೂ ಹೆಚ್ಚುಕಡಿಮೆ ಸಾಲುತ್ತದೆ. ಅದಕ್ಕೆ ಕೆಳಗಿನ 20 ಮನೆಗೆ ಬೇರೆ ಪೈಪ್ ಬೇಕು, ಎರಡು ವಾಲ್ವ್ ಬೇಕು. ಅರ್ಧ ಗಂಟೆ ಮೇಲಿನವರಿಗೆ, ಅರ್ಧ ಗಂಟೆ ಕೆಳಗಿನವರಿಗೆ. ಆಗಲೂ ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಈಗಿನಷ್ಟು ಇರುವುದಿಲ್ಲ.

"ಇದರಿಂದ ಮೇಲಿನ ಮನೆಗಳಿಗೆ ನೀರು ಕಡಿಮೆಯಾಗುತ್ತದೆ. ನನ್ನ ಮನೆಗೆ ಈಗ ಒಂದು ಸಲಕ್ಕೆ 750 ಲೀಟರ್ ಬರುತ್ತಿದೆ. ಆಮೇಲೆ 540ರ ಹತ್ತಿರ ಬರುತ್ತದೆ. 14 ಬಕೆಟ್ ನನಗೆ ಕಮ್ಮಿ. ಅದನ್ನು ಮುಚ್ಚಿಟ್ಟು ನಿಮ್ಮ ಓಟು ಕೇಳುವುದು ನನಗೆ ಬೇಡ.

"ಗೆದ್ದ ಮಾರನೆಯ ದಿನವೇ ಪೈಪ್ ಬರುತ್ತದೆ ಅಂತಲೂ ಹೇಳುವುದಿಲ್ಲ. ಪಂಚಾಯಿತಿಯಲ್ಲಿ 17 ಸದಸ್ಯರು, ನಾನು ಒಬ್ಬಳು. ಎಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು, ಸಭೆ ಒಪ್ಪಬೇಕು, ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಮೊದಲ ಸಭೆಯಲ್ಲೇ ಇದನ್ನು ಬರೆದು ಕೊಡುತ್ತೇನೆ. ಏನಾಯಿತು ಅಂತ ವಾರ್ಡ್ ಸಭೆಯಲ್ಲಿ ನಿಮ್ಮ ಮುಂದೆ ನಿಂತು ಹೇಳುತ್ತೇನೆ. ಆಗದಿದ್ದರೆ ಯಾಕೆ ಆಗಲಿಲ್ಲ ಅಂತಲೂ ಹೇಳುತ್ತೇನೆ.

"ನಮ್ಮ ವಾರ್ಡಿಗೆ ಎರಡು ಸ್ಥಾನ, ಅದಕ್ಕೆ ನಿಮಗೆ ಎರಡು ಓಟು. ಎರಡನ್ನೂ ಒಬ್ಬರಿಗೇ ಹಾಕುವಂತಿಲ್ಲ. ಒಂದನ್ನು ನೀವು ಯಾರಿಗೆ ಬೇಕಾದರೂ ಹಾಕಿ. ಇನ್ನೊಂದನ್ನು ಹೊಲಿಗೆ ಯಂತ್ರದ ಗುರುತಿಗೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ನಮಸ್ಕಾರ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಮನೆಯ ಯಜಮಾನರು ಎದ್ದು ನಿಂತರು. ಅವರ ಕೊಟ್ಟಿಗೆಯಲ್ಲಿ ಎರಡು ಹಸು.

"ಅಲ್ಲವ್ವ, ಮನುಷ್ಯರ ಲೆಕ್ಕ ಹೇಳಿದೆ. ದನಗಳ ಲೆಕ್ಕ ಎಲ್ಲಿ?"

ಹಾಲು ಕರೆಯುವ ಹಸುವೊಂದು ಬೇಸಿಗೆಯಲ್ಲಿ ದಿನಕ್ಕೆ 50 ಲೀಟರಿಗೂ ಹೆಚ್ಚು ನೀರು ಕುಡಿಯಬಹುದು. ಎರಡು ಹಸು ಎಂದರೆ ಇಬ್ಬರು ಮನುಷ್ಯರ ಪಾಲು. ಮಕ್ಕಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಮೈದುನ ಏನೋ ಹೇಳಲು ಬಾಯಿ ತೆರೆದ. ಅವರು ಕೈಸನ್ನೆಯಲ್ಲೇ ಅವನನ್ನು ತಡೆದರು.

"ಲೆಕ್ಕಕ್ಕೆ ತಗೊಂಡಿಲ್ಲ ದೊಡ್ಡಪ್ಪ. ತಪ್ಪಾಗಿದೆ. ನಾಳೆ ಮನೆಮನೆಗೂ ಬಂದು ಬರೆದುಕೊಳ್ಳುತ್ತೇವೆ. ಅರ್ಧ ಗಂಟೆ ಸರಿಯೋ, ಹೆಚ್ಚುಕಡಿಮೆ ಮಾಡಬೇಕೋ, ಆಮೇಲೆ ಕೂತು ಮಾತಾಡೋಣ."

"ಬಾ ಮತ್ತೆ" ಎಂದು ಅವರು ಕುಳಿತುಕೊಂಡರು.

ಮಾರನೆಯ ಬೆಳಿಗ್ಗೆ ಮಗಳು ನೋಟ್‌ಬುಕ್ಕಿನಲ್ಲಿ 'ಜನ' ಎಂಬ ಕಾಲಮಿನ ಪಕ್ಕ ಗೆರೆ ಎಳೆದು 'ದನ' ಎಂದು ಬರೆದಳು. ತಾಯಿ ಮಗಳು ಮೊದಲ ಮನೆಯಿಂದಲೇ ಹೊರಟರು. ಮತದಾನಕ್ಕೆ ಇನ್ನೂ ಐದು ದಿನ ಇತ್ತು.